ಹೊಸ ಮನೆಗೆ ಬಂದ ಬೆಕ್ಕು: ಮೊದಲು ಒಂದೇ ಕೋಣೆ ಏಕೆ?

ಮುಂಬಯಿಯಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಹೀಗಾಗಿ ಬೆಕ್ಕು ಸಾಕಿದ ಎಷ್ಟೋ ಕುಟುಂಬಗಳು ಅದನ್ನೂ ಕಟ್ಟಿಕೊಂಡು ಮನೆ ಬದಲಿಸಬೇಕಾಗುತ್ತದೆ. ಬೆಕ್ಕು ತನ್ನ ಜಾಗವನ್ನು ಮುಖ್ಯವಾಗಿ ವಾಸನೆಯಿಂದ ಗುರುತಿಸುತ್ತದೆ. ಗೋಡೆ, ಕುರ್ಚಿಕಾಲುಗಳಿಗೆ ಕೆನ್ನೆ ಉಜ್ಜಿ ಅದು ಬಿಟ್ಟಿದ್ದ ಗುರುತುಗಳು ಹೊಸ ಮನೆಯಲ್ಲಿ ಒಂದೂ ಇರುವುದಿಲ್ಲ. ಇಡೀ ಮನೆಯನ್ನು ಒಮ್ಮೆಲೇ ತೆರೆದುಬಿಟ್ಟರೆ ಅದು ಕಪಾಟಿನ ಹಿಂದೆ ಸೇರಿಕೊಳ್ಳುತ್ತದೆ. ಆಮೇಲೆ ಅದು ತಿಂದಿತೇ, ಮೂತ್ರ ಮಾಡಿತೇ ಎಂಬುದೇ ನಿಮಗೆ ತಿಳಿಯುವುದಿಲ್ಲ. ಒಂದೇ ಕೋಣೆಯಲ್ಲಿ ಇಟ್ಟರೆ ಬೆಕ್ಕಿಗೂ ಧೈರ್ಯ, ನಿಮಗೂ ಲೆಕ್ಕ ಸಿಗುತ್ತದೆ.

ಕೋಣೆಯನ್ನು ಸಿದ್ಧಪಡಿಸುವುದು

ಡೊಂಬಿವಲಿಯಿಂದ ಮುಲುಂಡ್‌ನ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಬರುತ್ತಿದ್ದೀರಿ ಎಂದುಕೊಳ್ಳಿ. ಬೆಡ್‌ರೂಮನ್ನೇ ಬೆಕ್ಕಿಗೆ ಬಿಡಿ. ಸಾಮಾನು ಇಳಿಸುವವರು ಆ ಕೋಣೆಯ ಕೆಲಸವನ್ನು ಮೊದಲು ಮುಗಿಸಲಿ, ನಂತರ ಬೆಕ್ಕಿನ ಬುಟ್ಟಿಯನ್ನು ಒಳಗಿಟ್ಟು ಬಾಗಿಲು ಹಾಕಿ. ಹಳೆಯ ಮನೆಯಲ್ಲಿ ಅದು ಮಲಗುತ್ತಿದ್ದ ಚಾದರವನ್ನು ಒಗೆಯದೆ ಹಾಗೆಯೇ ತನ್ನಿ. ಊಟದ ಬಟ್ಟಲು ಒಂದು ಮೂಲೆಯಲ್ಲಿ, ಲಿಟರ್ ಡಬ್ಬಿ ಎದುರಿನ ಮೂಲೆಯಲ್ಲಿ ಇರಲಿ. ಅಡಗಲು ಒಂದು ರಟ್ಟಿನ ಪೆಟ್ಟಿಗೆ ಸಾಕು. ಸರಿಯುವ ಗಾಜಿನ ಕಿಟಕಿಗೆ ಗಟ್ಟಿಯಾದ ಜಾಲರಿ ಇರಲೇಬೇಕು. ಹೆದರಿದ ಬೆಕ್ಕು ಎಷ್ಟನೇ ಮಹಡಿ ಎಂದು ನೋಡುವುದಿಲ್ಲ.

ಔಷಧಶಾಸ್ತ್ರ ಓದಿದವಳಾಗಿ ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಗೃಹಪ್ರವೇಶಕ್ಕೆ ಮುನ್ನ ನೆಲವನ್ನು ಫಿನೈಲ್ ಅಥವಾ ಡೆಟಾಲ್ ಹಾಕಿ ಒರೆಸುವುದು ನಮ್ಮಲ್ಲಿ ರೂಢಿ. ಫೀನಾಲ್ ಗುಂಪಿನ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನೆಲದ ಮೇಲೆ ನಡೆದು, ಪಾದ ನೆಕ್ಕಿದರೆ ಅದು ಹೊಟ್ಟೆಗೆ ಸೇರುತ್ತದೆ. ಈ ಕೋಣೆಯನ್ನು ಸೌಮ್ಯ ಸಾಬೂನು ನೀರಿನಿಂದ ಒರೆಸಿ, ಬರೀ ನೀರಿನಿಂದ ಮತ್ತೊಮ್ಮೆ ಒರೆಸಿ, ಒಣಗಲು ಬಿಡಿ. ಇದೇ ಕಾರಣಕ್ಕೆ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ಮಾರಕ. 500 ಮಿಲಿಗ್ರಾಮಿನ ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಲ್ಲದು. ಮನೆಯಲ್ಲಿ ರೋಗಿ ಇದ್ದರೆ, ಸಾಮಾನು ಬಿಚ್ಚುವಾಗ ಮಾತ್ರೆಯ ಚೀಲವನ್ನು ಈ ಕೋಣೆಯಲ್ಲಿ ಇಡಬೇಡಿ.

ಭಯವೋ, ಕಾಯಿಲೆಯೋ?

ಮೊದಲ ದಿನ ಬೆಕ್ಕು ಪೆಟ್ಟಿಗೆಯಿಂದ ಹೊರಗೆ ಬರದಿದ್ದರೆ ಗಾಬರಿ ಬೇಡ. ಎಳೆದು ಹೊರತೆಗೆಯಲೂ ಬೇಡಿ. ನೆಲದ ಮೇಲೆ ಕುಳಿತು ನಿಮ್ಮ ಕೆಲಸ ನೋಡಿಕೊಳ್ಳಿ. ಅನೇಕ ಬೆಕ್ಕುಗಳು ಮನೆಯವರೆಲ್ಲ ಮಲಗಿದ ಮೇಲೆ ಎದ್ದು ತಿನ್ನುತ್ತವೆ. ರಾತ್ರಿ ಬಟ್ಟಲಿಗೆ ಹಾಕಿದ ಆಹಾರವನ್ನು ತೂಗಿಯೋ ಚಮಚದಲ್ಲಿ ಅಳೆದೋ ಇಡಿ, ಬೆಳಗ್ಗೆ ಉಳಿದದ್ದನ್ನು ನೋಡಿ. ಲಿಟರಿನಲ್ಲಿ ಒದ್ದೆಯಾಗಿ ಗಟ್ಟಿಯಾದ ಉಂಡೆಗಳನ್ನು ಎಣಿಸಿ. ದಿನಕ್ಕೆ ಎರಡು ಮೂರು ಉಂಡೆ ಇದ್ದರೆ ಸಾಮಾನ್ಯ.

24 ಗಂಟೆ ಏನನ್ನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ದೇಹದ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಕಾಮಾಲೆಯಂತಹ ಗಂಭೀರ ಸ್ಥಿತಿ ಉಂಟಾಗಬಹುದು. ಗಂಡು ಬೆಕ್ಕಾದರೆ ಇನ್ನೊಂದು ಎಚ್ಚರ ಬೇಕು. ಅದು ಪದೇಪದೇ ಲಿಟರಿಗೆ ಹೋಗಿ, ತಿಣುಕಿ, ಕೂಗಿ, ಮೂತ್ರ ಬಾರದೆ ಮರಳುತ್ತಿದ್ದರೆ ಮೂತ್ರನಾಳ ಕಟ್ಟಿರಬಹುದು. ಮನೆ ಬದಲಾದ ಒತ್ತಡದಿಂದಲೂ ಇದು ಶುರುವಾಗುತ್ತದೆ. ನೋಡುವವರಿಗೆ ಇದು ಮಲಬದ್ಧತೆಯಂತೆ ಕಾಣುತ್ತದೆ. ನಾಳೆ ನೋಡೋಣ ಎನ್ನದೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ. ಮುಂಬಯಿಯಲ್ಲಿ ಖಾಸಗಿ ಚಿಕಿತ್ಸಾಲಯಗಳಲ್ಲದೆ ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. ಹೊಸ ಮನೆಗೆ ಹತ್ತಿರದ ವೈದ್ಯರ ಸಂಖ್ಯೆ ಮತ್ತು ರಾತ್ರಿ ತೆರೆದಿರುವ ಜಾಗವನ್ನು ಸ್ಥಳಾಂತರಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ.

ಬಾಗಿಲು ತೆರೆಯುವುದು ಯಾವಾಗ?

ದಿನ ಎಣಿಸುವುದಕ್ಕಿಂತ ಬೆಕ್ಕನ್ನು ನೋಡುವುದು ಮೇಲು. ಅದು ಸರಿಯಾಗಿ ತಿನ್ನುತ್ತ, ಲಿಟರ್ ಬಳಸುತ್ತ, ನಿಮ್ಮೆದುರು ಬಾಲ ಎತ್ತಿ ನಡೆದು ಮಂಚಕ್ಕೆ ಕೆನ್ನೆ ಉಜ್ಜತೊಡಗಿದರೆ ಸಿದ್ಧವಾಗಿದೆ ಎಂದರ್ಥ. ಕೆಲವಕ್ಕೆ ಮೂರು ದಿನ ಸಾಕು, ಕೆಲವಕ್ಕೆ ಎರಡು ವಾರ ಬೇಕು.

ಮನೆ ಶಾಂತವಾಗಿರುವ ಹೊತ್ತಿನಲ್ಲಿ, ಮುಂಬಾಗಿಲು ಭದ್ರವಾಗಿ ಮುಚ್ಚಿದೆಯೇ ನೋಡಿ, ಬೆಡ್‌ರೂಮಿನ ಬಾಗಿಲನ್ನು ಅರ್ಧ ಗಂಟೆ ತೆರೆದಿಡಿ. ಅಡುಗೆಮನೆಯನ್ನು ಈಗಲೇ ಸೇರಿಸಬೇಡಿ, ಹಾಲ್ ಮಾತ್ರ ಸಾಕು. ಎತ್ತಿಕೊಂಡು ಹೋಗಿ ತೋರಿಸುವುದು ಬೇಡ, ತಾನಾಗಿಯೇ ಬಂದು ಮೂಸಿ ಓಡಿಹೋಗಲಿ. ಮರಳಿ ಹೋಗಲು ದಾರಿ ತೆರೆದೇ ಇರಲಿ. ಮರುದಿನ ಒಂದು ಗಂಟೆ, ಆಮೇಲೆ ಸಂಜೆಯೆಲ್ಲ. ಹೊರಗೆ ತಿರುಗಿ ಬಂದ ಮೇಲೆ ಊಟ ಬಿಟ್ಟರೆ ಅಥವಾ ಲಿಟರಿನ ಹೊರಗೆ ಮೂತ್ರ ಮಾಡಿದರೆ ಎರಡು ದಿನ ಮತ್ತೆ ಒಂದೇ ಕೋಣೆಗೆ ಹಿಂತಿರುಗಿ. ಆಗಲೂ ಹಾಗೆಯೇ ಮುಂದುವರಿದರೆ ವೈದ್ಯರಿಗೆ ತೋರಿಸಿ. ಇಡೀ ಮನೆ ತೆರೆದ ನಂತರವೂ ಮೊದಲ ಕೋಣೆಯ ಲಿಟರ್ ಡಬ್ಬಿಯನ್ನು ಕೆಲವು ವಾರ ಅಲ್ಲಿಯೇ ಬಿಡಿ.