ಅಗ್ಗಕ್ಕೆ ಷೇರು ಕೊಳ್ಳಲು ಪುಟ್ ಮಾರಿದರೆ

2024ರ ಆಗಸ್ಟ್ 1ರಂದು ಅಮೆರಿಕದ ಮಾರುಕಟ್ಟೆ ಮುಚ್ಚಿದಾಗ ಇಂಟೆಲ್ ಷೇರಿನ ಬೆಲೆ 29.05 ಡಾಲರ್. ಅದನ್ನು 28ಕ್ಕೆ ಕೊಳ್ಳಬಯಸಿದವರೊಬ್ಬರು ಆ ಬೆಲೆಯ ಪುಟ್ ಮಾರಿದ್ದರೆನ್ನಿ. ಒಂದು ಕರಾರಿಗೆ 100 ಷೇರು, ಹಾಗಾಗಿ 2,800 ಡಾಲರ್ ಖಾತೆಯಲ್ಲಿ ಮೀಸಲು. ಷೇರಿಗೆ 1 ಡಾಲರ್ ಪ್ರೀಮಿಯಂ ಸಿಕ್ಕಿತೆಂದುಕೊಂಡರೆ ಕೊಳ್ಳುವ ಬೆಲೆ 27ಕ್ಕೆ ಇಳಿಯುತ್ತದೆ. ಬೆಲೆ 28ರ ಮೇಲೇ ಉಳಿದರೆ ಷೇರು ಸಿಗದು, 100 ಡಾಲರ್ ಮಾತ್ರ ಕೈಗೆ.

ಆ ಸಂಜೆ ಕಂಪನಿ ಕಳಪೆ ಫಲಿತಾಂಶ ಪ್ರಕಟಿಸಿತು. ಮರುದಿನ ಷೇರು 21.48ಕ್ಕೆ ಕುಸಿಯಿತು. ಬೆಲೆ ಅಲ್ಲೇ ನಿಂತರೂ ಪುಟ್ ಮಾರಿದವರು 28 ಕೊಟ್ಟೇ ಕೊಳ್ಳಬೇಕು. ಪ್ರೀಮಿಯಂ ಕಳೆದೂ 552 ಡಾಲರ್ ನಷ್ಟ. ಇನ್ನೂ ಇಳಿದರೆ ನಷ್ಟವೂ ಬೆಳೆಯುತ್ತದೆ. ಬರೀ ಲಿಮಿಟ್ ಆರ್ಡರ್ ಹಾಕಿದ್ದವರು ಬೆಳಗ್ಗೆಯೇ ಅದನ್ನು ರದ್ದು ಮಾಡಬಹುದಿತ್ತು. ಪುಟ್ ಮಾರಿದವರಿಗೆ ಅದನ್ನೇ ದುಬಾರಿ ಬೆಲೆಗೆ ಮರಳಿ ಕೊಳ್ಳದೆ ಬಿಡುಗಡೆಯಿಲ್ಲ.

ಫಲಿತಾಂಶದ ಮುನ್ನಾದಿನ ಪ್ರೀಮಿಯಂ ದಪ್ಪಗೆ ಕಂಡರೆ, ಏಕೆಂದು ಮೊದಲು ಕೇಳಿಕೊಳ್ಳಿ.