ಖಾಲಿ ಹೊಟ್ಟೆಗೆ ಕರಿ ಕಾಫಿ: ಉಪವಾಸ ಮುರಿಯದು, ಆದರೆ ಹೊತ್ತು ನೋಡಿ ಕುಡಿಯಬೇಕು

ರಾತ್ರಿ 8ಕ್ಕೆ ಊಟ ಮುಗಿಸಿ ಮರುದಿನ ಮಧ್ಯಾಹ್ನ 12ರವರೆಗೆ ಏನನ್ನೂ ತಿನ್ನದೆ ಇರುವವರು ಈಗ ಬಹಳ ಮಂದಿ. ಇದನ್ನು 16:8 ಉಪವಾಸ ಎನ್ನುತ್ತಾರೆ. ಬೆಳಗಿನ ತಿಂಡಿ ಬಿಡುವುದು ಅವರಲ್ಲಿ ಹಲವರಿಗೆ ಸುಲಭ, ಕಾಫಿ ಬಿಡುವುದೇ ಕಷ್ಟ. ಹಾಗಾಗಿ ಹಾಲು, ಸಕ್ಕರೆ ಬಿಟ್ಟು ಕರಿ ಕಾಫಿ ಕುಡಿಯುತ್ತಾರೆ. ಇದರಿಂದ ಉಪವಾಸ ಕೆಡುತ್ತದೆಯೇ?

ಒಂದು ಲೋಟ ಕರಿ ಕಾಫಿಯಲ್ಲಿ ಇರುವುದು ಐದಕ್ಕಿಂತ ಕಡಿಮೆ ಕ್ಯಾಲೊರಿ. ಇನ್ಸುಲಿನ್ ಮೇಲೇಳಲು ಬೇಕಾದ ಸಕ್ಕರೆಯಾಗಲಿ ಪ್ರೋಟೀನ್ ಆಗಲಿ ಅದರಲ್ಲಿ ಇಲ್ಲವೆಂದೇ ಹೇಳಬಹುದು. ಆದ್ದರಿಂದ ಉಪವಾಸ ಕೆಡುವುದಿಲ್ಲ. ಆದರೆ ಮಲೆನಾಡು, ಕೊಡಗಿನ ಮನೆಗಳಲ್ಲಿ ಮಾಡುವ ಬೆಲ್ಲದ ಕಾಫಿಯೂ ಹಾಲಿಲ್ಲದ್ದೇ. ಬೆಲ್ಲ ಬಿದ್ದ ಕೂಡಲೇ ಲೆಕ್ಕ ತಪ್ಪುತ್ತದೆ, ದೇಹಕ್ಕೆ ಬೆಲ್ಲವೂ ಸಕ್ಕರೆಯೂ ಹೆಚ್ಚುಕಡಿಮೆ ಒಂದೇ.

ಮೊದಲು ಹಸಿವಿನ ಮಾತು. ದಿನವೂ ನಾವು ತಿನ್ನುವ ಹೊತ್ತಿಗೆ ಗ್ರೆಲಿನ್ ಎಂಬ ಹಾರ್ಮೋನು ಏರಿ ಹಸಿವನ್ನು ಕೆರಳಿಸುತ್ತದೆ. ಏನೂ ತಿನ್ನದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಎಂಟೂವರೆಗೆ ಕುಡಿದ ಕಾಫಿ ಹಸಿವನ್ನು ಅಡಗಿಸಿತು ಎಂದು ನಮಗೆ ಅನ್ನಿಸಿದಾಗ, ಅದರಲ್ಲಿ ಒಂದು ಪಾಲು ಈ ಸಹಜ ಇಳಿತದ್ದೇ. ಕಾಫಿಯ ಪಾತ್ರ ಇಲ್ಲವೆಂದಲ್ಲ, ಆದರೆ ಅದು ಚಿಕ್ಕದು, ಸ್ವಲ್ಪ ಹೊತ್ತಿನದು, ಎಲ್ಲರಲ್ಲೂ ಒಂದೇ ತೆರನಾಗಿ ಕಾಣುವುದೂ ಇಲ್ಲ. ಹಸಿವಾದಾಗಲೆಲ್ಲ ಇನ್ನೊಂದು ಲೋಟ ಎಂದು ಹೊರಟರೆ ಕೈನಡುಕ, ಎದೆಬಡಿತವೇ ಹೆಚ್ಚುತ್ತದೆ.

ಇನ್ಸುಲಿನ್ ವಿಷಯದಲ್ಲಿ ಗಮನಿಸಬೇಕಾದ್ದು ಉಪವಾಸವನ್ನಲ್ಲ, ಉಪವಾಸ ಮುರಿಯುವ ಊಟವನ್ನು. ಕೆಫೀನ್ ಅಡ್ರಿನಲಿನ್ ಅನ್ನು ಹೆಚ್ಚಿಸುತ್ತದೆ. ಆಗ ಸ್ನಾಯುಗಳು ಇನ್ಸುಲಿನ್ನಿನ ಮಾತಿಗೆ ಬೇಗ ಓಗೊಡುವುದಿಲ್ಲ, ರಕ್ತದ ಸಕ್ಕರೆಯನ್ನು ನಿಧಾನವಾಗಿ ಎಳೆದುಕೊಳ್ಳುತ್ತವೆ. 2020ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು, ರಾತ್ರಿ ನಿದ್ದೆಗೆಟ್ಟ ಆರೋಗ್ಯವಂತರಿಗೆ ಬೆಳಿಗ್ಗೆ ಮೊದಲು ಕಡು ಕರಿ ಕಾಫಿ, ಆಮೇಲೆ ಸಕ್ಕರೆಯ ಪಾನೀಯ ಕೊಟ್ಟು ನೋಡಿದರು. ಕಾಫಿ ಕುಡಿಯದ ದಿನಕ್ಕಿಂತ ರಕ್ತದ ಸಕ್ಕರೆಯ ಏರಿಕೆ ಸುಮಾರು ಶೇ. 50ರಷ್ಟು ಹೆಚ್ಚಾಗಿತ್ತು. ಇದು ಆ ಹೊತ್ತಿನ ಪರಿಣಾಮ ಮಾತ್ರ. ವರ್ಷಗಟ್ಟಲೆ ಕಾಫಿ ಕುಡಿಯುವವರಲ್ಲಿ ಎರಡನೇ ಬಗೆಯ ಮಧುಮೇಹ ಕಡಿಮೆ ಎಂದೇ ದೊಡ್ಡ ಸಮೀಕ್ಷೆಗಳು ಹೇಳುತ್ತವೆ.

ಈಗ 12ಕ್ಕೆ ಊಟ ಮಾಡುವ ಒಬ್ಬರನ್ನು ತೆಗೆದುಕೊಳ್ಳೋಣ. ಅವರು ಏಳೂವರೆಗೆ ಒಂದು ಲೋಟ, ಹನ್ನೊಂದೂವರೆಗೆ ಹಸಿವು ತಡೆಯಲಾರದೆ ಇನ್ನೊಂದು ಲೋಟ ಕುಡಿದು, ನೇರವಾಗಿ ಬಿಳಿ ಅನ್ನಕ್ಕೆ ಕೂರುತ್ತಾರೆ. ಕೆಫೀನ್ ರಕ್ತದಲ್ಲಿ ಅತಿ ಹೆಚ್ಚಾಗಿರುವ ಹೊತ್ತಿಗೇ ಅನ್ನದ ಸಕ್ಕರೆಯೂ ಬಂದು ಸೇರುತ್ತದೆ. ಎರಡನೇ ಲೋಟವನ್ನು ಒಂಬತ್ತೂವರೆಗೆ ತಂದು, ಊಟವನ್ನು ಕೋಸಂಬರಿ, ಪಲ್ಯದಿಂದ ಶುರುಮಾಡಿ ಅನ್ನವನ್ನು ಆಮೇಲೆ ಬಡಿಸಿಕೊಂಡರೆ ಈ ಏರಿಕೆ ತಗ್ಗುತ್ತದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ ಪರಿಣಾಮ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ.

ಮೂರನೆಯದು ಹೊಟ್ಟೆಯ ಆಮ್ಲ. ಕಾಫಿ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಎಬ್ಬಿಸಿ ಆಮ್ಲ ಒಸರುವಂತೆ ಮಾಡುತ್ತದೆ. ಕೆಫೀನ್ ತೆಗೆದ ಕಾಫಿಯೂ ಹೀಗೇ ಮಾಡುವುದರಿಂದ ಅದಕ್ಕೆ ಬದಲಾಯಿಸಿದರೂ ಪೂರ್ತಿ ಪರಿಹಾರ ಸಿಗದು. ಹೊಟ್ಟೆಯಲ್ಲಿ ಆಹಾರವಿದ್ದರೆ ಅದು ಆಮ್ಲದ ಖಾರವನ್ನು ತಗ್ಗಿಸುತ್ತಿತ್ತು, ಉಪವಾಸದಲ್ಲಿ ಆ ಆಸರೆ ಇಲ್ಲ. ಆದರೂ ಆರೋಗ್ಯವಾಗಿರುವ ಹೊಟ್ಟೆಯ ಒಳಪದರ ಇದನ್ನು ತಾಳಿಕೊಳ್ಳುತ್ತದೆ. ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ನಿಜವಾದ ಅಪಾಯ ಇಲ್ಲಿದೆ: ಉಪವಾಸದಿಂದ ತಲೆನೋವು ಬಂತೆಂದು ಖಾಲಿ ಹೊಟ್ಟೆಗೆ ಐಬುಪ್ರೊಫೆನ್ ನುಂಗಿ, ಮೇಲೆ ಕಾಫಿ ಕುಡಿಯಬೇಡಿ. ಆ ತಲೆನೋವಿಗೆ ಮೊದಲು ನೀರು ಕುಡಿದು ನೋಡಿ.

ಎದೆಮೂಳೆಯ ಹಿಂದೆ ಉರಿ, ಬಗ್ಗಿದಾಗ ಹುಳಿತೇಗು ಬರುತ್ತಿದ್ದರೆ ಒಂದೆರಡು ವಾರ ಕಾಫಿಯನ್ನು ಊಟದ ನಂತರಕ್ಕೆ ಸರಿಸಿ. ಆಗ ಉರಿ ನಿಂತರೆ, ಖಾಲಿ ಹೊಟ್ಟೆಯ ಕಾಫಿ ನಿಮಗೆ ಒಗ್ಗುವುದಿಲ್ಲ ಎಂದು ತಿಳಿಯಬಹುದು. ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬಾರದು.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಈ ಉಪವಾಸಕ್ಕೆ ಇಳಿಯಬಾರದು. ಅವರಲ್ಲಿ ಸಕ್ಕರೆ ತೀರಾ ಇಳಿದಾಗಲೂ ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ. ಅದನ್ನು ಕಾಫಿಯ ಪರಿಣಾಮವೆಂದು ಕಡೆಗಣಿಸುವುದು ಜೀವಕ್ಕೇ ಕುತ್ತಾದೀತು. ಅಂಥ ಹೊತ್ತಿನಲ್ಲಿ ಗ್ಲೂಕೋಮೀಟರ್‌ನಲ್ಲಿ ನೋಡಿ, 70ಕ್ಕಿಂತ ಕಡಿಮೆಯಿದ್ದರೆ ಉಪವಾಸದ ಯೋಚನೆ ಬಿಟ್ಟು ಕೂಡಲೇ ಸಕ್ಕರೆ ತಿನ್ನಬೇಕು.