ಬೋರ್ಡು, ಬೀಗ, ಬಂದುಹೋಗುವವರು

ಹೊಸದಾಗಿ ಕಂಪನಿ ಶುರುಮಾಡುವ ಹುಡುಗ ಹುಡುಗಿಯರು ಸಣ್ಣ ಆಫೀಸು ಕೇಳಿಕೊಂಡು ಹೋದಾಗ ಮೊದಲು ಬಾಡಿಗೆ, ಆಮೇಲೆ ಅಡ್ವಾನ್ಸು ಮಾತಾಡಿ ಮುಗಿಸುತ್ತಾರೆ. ಮಾಲೀಕರ ತಲೆಯಲ್ಲಿ ಓಡುತ್ತಿರುವ ಲೆಕ್ಕವೇ ಬೇರೆ. ಇವರು ರಾತ್ರಿ ಎಷ್ಟು ಹೊತ್ತಿಗೆ ಬೀಗ ಹಾಕುತ್ತಾರೆ, ಮೆಟ್ಟಿಲು ಹತ್ತಿ ಯಾರ್ಯಾರು ಬರುತ್ತಾರೆ, ಗೋಡೆಗೆ ಏನು ಮೊಳೆ ಹೊಡೆಯುತ್ತಾರೆ? ಬಾಯಿಬಿಟ್ಟು ಕೇಳದಿದ್ದರೂ ಈ ಮೂರಕ್ಕೆ ಉತ್ತರ ಸಿಗುವ ತನಕ ಅವರು ‘ಮನೇಲಿ ಕೇಳಿ ಹೇಳ್ತೀನಿ’ ಎಂದೇ ಕಳಿಸುತ್ತಾರೆ. ಕೇಳುವ ಮುಂಚೆಯೇ ಈ ಮೂರನ್ನೂ ಬಿಡಿಸಿ ಹೇಳಿ, ಹೇಳಿದ್ದನ್ನು ಕರಾರುಪತ್ರದಲ್ಲಿ ಬರೆಸಿದವರಿಗೆ ಜಾಗವೂ ಸಿಗುತ್ತದೆ, ಸಿಕ್ಕಿದ್ದು ಉಳಿಯುತ್ತದೆ ಕೂಡ.

ಒಂದು ಮಾದರಿ ಪ್ರಸಂಗವನ್ನು ಇಟ್ಟುಕೊಂಡು ನೋಡೋಣ. ಮೈಸೂರಿನ ಕುವೆಂಪುನಗರದ ಒಂದು ಕಟ್ಟಡ. ಕೆಳಗೆ ಮೆಡಿಕಲ್ ಸ್ಟೋರು, ಮೊದಲ ಮಹಡಿಯಲ್ಲಿ 320 ಚದರಡಿಯ ಖಾಲಿ ಜಾಗ, ಎರಡನೇ ಮಹಡಿಯಲ್ಲಿ ಮಾಲೀಕರ ಮನೆ. ಮಾಲೀಕರು ನಿವೃತ್ತ ಮೇಷ್ಟ್ರು. ಬಾಡಿಗೆಗೆ ಕೇಳಲು ಬಂದಿರುವ ಯುವತಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡು, ದಿನಸಿ, ಹಾರ್ಡ್‌ವೇರ್ ಅಂಗಡಿಗಳ ಲೆಕ್ಕಪತ್ರ ಮತ್ತು ಜಿಎಸ್‌ಟಿ ಕೆಲಸವನ್ನು ತನ್ನದೇ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಡುವವಳು. ಅವಳನ್ನೂ ಸೇರಿಸಿ ಐದು ಜನ.

‘ಏನಮ್ಮ ಕೆಲಸ ನಿಮ್ದು?’ ಎಂದು ಮೇಷ್ಟ್ರು ಕೇಳುತ್ತಾರೆ. ‘ಸ್ಟಾರ್ಟಪ್ ಸರ್’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ರಾತ್ರಿಯಿಡೀ ದೀಪ ಉರಿಯುವ ಚಿತ್ರ ಕಣ್ಮುಂದೆ ಬಂದರೂ ಬಂದೀತು. ‘ಅಂಗಡಿಯವರ ಬಿಲ್ಲು ತಗೊಂಡು ಲೆಕ್ಕ ಬರೆದು ರಿಟರ್ನ್ ಹಾಕಿಕೊಡ್ತೀವಿ ಸರ್. ಐದು ಜನ, ಐದು ಕಂಪ್ಯೂಟರ್, ಒಂದು ಪ್ರಿಂಟರ್. ಮೆಷಿನ್ ಸದ್ದು ಇಲ್ಲ, ಗೋಡೌನ್ ಇಲ್ಲ’ ಎಂದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಇನ್ನು ಸಮಯದ ಮಾತು. ‘ಒಂಬತ್ತೂವರೆಯಿಂದ ಆರೂವರೆ, ಭಾನುವಾರ ರಜ’ ಎಂದು ಹೇಳಿ ಮುಗಿಸುವುದು ಸುಲಭ. ನಡುವೆ ಒಂದು ಗಂಟೆ ಬಿಡುವು ಕಳೆದರೆ ದಿನಕ್ಕೆ ಎಂಟು ಗಂಟೆ, ಆರು ದಿನಕ್ಕೆ 48 ಗಂಟೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೆ ಇಟ್ಟ ಮಿತಿಯೂ ಅದೇ 48. ಆದರೆ ಈ ಕಸುಬಿಗೆ ತನ್ನದೇ ಗಡಿಬಿಡಿಯ ದಿನಗಳಿವೆ. ತಿಂಗಳು ತಿಂಗಳು ರಿಟರ್ನ್ ಹಾಕುವ ವ್ಯಾಪಾರಿಗಳ ಮಾರಾಟದ ವಿವರಕ್ಕೆ 11ನೇ ತಾರೀಕು ಗಡುವು, ತೆರಿಗೆ ಕಟ್ಟುವ ರಿಟರ್ನ್‌ಗೆ 20. ಆ ಎರಡು ತಾರೀಕುಗಳ ಹಿಂದಿನ ಎರಡು ಮೂರು ದಿನ ಆರೂವರೆಗೆ ಯಾರೂ ಏಳುವುದಿಲ್ಲ.

ಇದನ್ನು ಮುಚ್ಚಿಟ್ಟರೆ ಮೊದಲ ತಿಂಗಳ 10ನೇ ತಾರೀಕಿನ ರಾತ್ರಿಯೇ ಮೇಷ್ಟ್ರು ಮೆಟ್ಟಿಲಿಳಿದು ಬಂದು ಗೇಟಿನ ಬೀಗ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಆದ್ದರಿಂದ ನಮ್ಮ ಯುವತಿ ಹೀಗೆ ಹೇಳುತ್ತಾಳೆ: ‘ಸರ್, ತಿಂಗಳಲ್ಲಿ 9ರಿಂದ 11, ಆಮೇಲೆ 18ರಿಂದ 20, ಈ ಆರು ದಿನ ರಾತ್ರಿ ಎಂಟರ ತನಕ ಇರ್ತೀವಿ. ಲೇಟಾಗಿ ಹೋಗೋರು ಅವತ್ತು ಬೆಳಿಗ್ಗೆ ಲೇಟಾಗೇ ಬರ್ತಾರೆ. ಎಂಟಕ್ಕೆ ನಾನೇ ಬೀಗ ಹಾಕಿ, ಮೆಟ್ಟಿಲ ಲೈಟ್ ಆರಿಸಿ ಹೋಗ್ತೀನಿ.’ ತಾರೀಕು ಮೊದಲೇ ಗೊತ್ತಿದ್ದರೆ ಆ ದಿನ ದೀಪ ಉರಿದರೆ ಯಾರಿಗೂ ಗಾಬರಿಯಾಗುವುದಿಲ್ಲ. ಗೇಟಿನ ಕೀಲಿ ಎರಡು ಕಡೆ ಇರಬೇಕು ಎಂಬ ತೀರ್ಮಾನವೂ ಇದೇ ಮಾತಿನಲ್ಲಿ ಆಗಿಹೋಗುತ್ತದೆ.

ಬಂದುಹೋಗುವವರ ವಿಷಯದಲ್ಲಿ ಮಾಲೀಕರ ಅಂಜಿಕೆಗೆ ಗಟ್ಟಿ ಕಾರಣವಿದೆ. ಮೆಟ್ಟಿಲು ಒಂದೇ. ಮೊದಲ ಮಹಡಿಗೆ ಬಂದವರು ದಾರಿ ತಪ್ಪಿ ಮನೆಯ ಬಾಗಿಲು ಬಡಿಯಬಹುದು, ಗಾಡಿಗಳು ಮೆಡಿಕಲ್ ಸ್ಟೋರಿನ ಮುಂದೆ ಅಡ್ಡ ನಿಲ್ಲಬಹುದು. ‘ಜಾಸ್ತಿ ಜನ ಬರಲ್ಲ ಸರ್’ ಎಂಬ ಉತ್ತರದಿಂದ ಏನೂ ಬಗೆಹರಿಯುವುದಿಲ್ಲ. ಯಾರು, ಎಷ್ಟು ಜನ, ಯಾವ ಹೊತ್ತಿನಲ್ಲಿ, ಯಾವ ಗಾಡಿಯಲ್ಲಿ ಎಂದು ಬಿಡಿಸಬೇಕು. ಇವಳ ಲೆಕ್ಕದಲ್ಲಿ ಸಾಧಾರಣ ದಿನ ಐದಾರು ಅಂಗಡಿಯವರು, ಗಡುವಿನ ದಿನಗಳಲ್ಲಿ ಹದಿನೈದು. ಬಹುತೇಕ ಸ್ಕೂಟರು, ಬೈಕು. ಬಿಲ್ಲಿನ ಕಟ್ಟು ಕೊಟ್ಟು ಹದಿನೈದು ನಿಮಿಷಕ್ಕೆ ಹೊರಡುವವರು. ಅವರನ್ನು ಬೆಳಿಗ್ಗೆ 11ರಿಂದ ಸಂಜೆ 4ರೊಳಗೆ ಮಾತ್ರ ಬರಹೇಳುವುದು, ಮಿಕ್ಕವರು ಬಿಲ್ಲಿನ ಫೋಟೊ ಮೊಬೈಲಿನಲ್ಲೇ ಕಳಿಸುವುದು ಎಂಬ ಏರ್ಪಾಡನ್ನೂ ಅವಳೇ ಮುಂದಿಡುತ್ತಾಳೆ.

ಮೇಷ್ಟ್ರ ಕಡೆಯಿಂದಲೂ ಷರತ್ತು ಬರುತ್ತದೆ. ಕಾಂಪೌಂಡಿನೊಳಗೆ ಮೂರು ಬೈಕಿಗೆ ಮಾತ್ರ ಜಾಗ, ಅದು ಸಿಬ್ಬಂದಿಗೆ. ಬಂದವರು ಮೆಡಿಕಲ್ ಸ್ಟೋರಿನ ಬಾಗಿಲು ಬಿಟ್ಟು ರಸ್ತೆ ಬದಿಯಲ್ಲಿ ನಿಲ್ಲಿಸಿಕೊಳ್ಳಬೇಕು. ಎರಡನೇ ಮಹಡಿಗೆ ಹತ್ತುವಲ್ಲಿರುವ ಗ್ರಿಲ್ ಬಾಗಿಲು ಹಗಲೂ ಮುಚ್ಚಿರುತ್ತದೆ. ಮೆಟ್ಟಿಲ ತಿರುವಿನಲ್ಲಿ ಚಪ್ಪಲಿ ರಾಶಿ ಬೀಳಬಾರದು. ಇವು ಸಣ್ಣ ಮಾತುಗಳು ಅನ್ನಿಸಬಹುದು, ಆದರೆ ಒಂದೇ ಕಟ್ಟಡದಲ್ಲಿ ಇರುವವರ ನಡುವೆ ಮನಸ್ತಾಪ ಶುರುವಾಗುವುದು ಹೆಚ್ಚಾಗಿ ಗಾಡಿ ಮತ್ತು ಚಪ್ಪಲಿಯಿಂದಲೇ.

ಎಲ್ಲಕ್ಕಿಂತ ಬಿಗಿಯಾದ ಗಂಟು ಬೋರ್ಡಿನದು. ‘ಬೋರ್ಡ್ ಒಂದು ಬೇಡ ಕಣಮ್ಮ, ಬಾಗಿಲ ಮೇಲೆ ಸಣ್ಣದೊಂದು ಪೇಪರ್ ಅಂಟಿಸ್ಕೊಳಿ’ ಎಂದು ಎಷ್ಟೋ ಮಾಲೀಕರು ಹೇಳುತ್ತಾರೆ. ಜಾಗ ಕೈತಪ್ಪೀತು ಎಂಬ ಅವಸರದಲ್ಲಿ ಬಾಡಿಗೆದಾರರು ತಲೆಯಾಡಿಸಿಬಿಡುತ್ತಾರೆ. ಕಂಪನಿ ಮಾಡಿಕೊಂಡವರು ಹಾಗೆ ಒಪ್ಪುವಂತಿಲ್ಲ. 2013ರ ಕಂಪನಿ ಕಾಯ್ದೆಯ 12ನೇ ಕಲಮಿನ ಪ್ರಕಾರ ಕಂಪನಿ ವ್ಯವಹಾರ ನಡೆಸುವ ಪ್ರತಿ ಜಾಗದ ಹೊರಗೂ, ಎದ್ದು ಕಾಣುವಂತೆ, ಕಂಪನಿಯ ಹೆಸರು ಮತ್ತು ನೋಂದಾಯಿತ ಕಚೇರಿಯ ವಿಳಾಸ ಇರಲೇಬೇಕು. ತಪ್ಪಿದರೆ ದಿನಕ್ಕೆ 1,000 ರೂಪಾಯಿಯಂತೆ 1 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಜಿಎಸ್‌ಟಿ ನಿಯಮಗಳ ಪ್ರಕಾರ ಪ್ರವೇಶದ ಬಳಿಯ ನಾಮಫಲಕದಲ್ಲಿ ಜಿಎಸ್‌ಟಿ ಸಂಖ್ಯೆಯನ್ನೂ ತೋರಿಸಬೇಕು. ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದು ಫೋಟೊ ತೆಗೆಯುವಾಗ ಹೆಸರೇ ಕಾಣದಿದ್ದರೆ ಅಲ್ಲಿ ವ್ಯವಹಾರ ನಡೆಯುತ್ತಿದೆ ಎಂದು ತೋರಿಸುವುದೇ ಕಷ್ಟವಾಗುತ್ತದೆ.

ಮೇಷ್ಟ್ರಿಗೆ ಇದನ್ನು ಹಕ್ಕಿನ ಮಾತಾಗಿ ಹೇಳುವ ಬದಲು ಅಳತೆಯ ಮಾತಾಗಿ ಹೇಳುವುದು ಒಳ್ಳೆಯದು. ಅವಳ ಪ್ರಸ್ತಾಪ ಇಷ್ಟು: ಮೆಟ್ಟಿಲ ಬುಡದ ಗೋಡೆಗೆ ನಾಲ್ಕಡಿ ಅಗಲ, ಎರಡಡಿ ಎತ್ತರದ ಒಂದು ಬೋರ್ಡು, ಆಫೀಸಿನ ಬಾಗಿಲ ಪಕ್ಕ ಒಂದು ಸಣ್ಣ ಫಲಕ. ಒಳಗೆ ದೀಪವಿಲ್ಲ, ಹಾಗಾಗಿ ವೈರಿಂಗ್ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ, ಅದೂ ಟೈಲ್ಸ್ ಇಲ್ಲದ ಗಾರೆ ಗೋಡೆಯಲ್ಲಿ, ಮಳೆ ನೀರು ಇಳಿಯದ ಕಡೆ. ಖಾಲಿ ಮಾಡುವಾಗ ಬೋರ್ಡು ಬಿಚ್ಚಿ, ತೂತು ಮುಚ್ಚಿಸಿ, ಅಷ್ಟು ಜಾಗಕ್ಕೆ ಬಣ್ಣ ಹೊಡೆಸಿಕೊಡುವ ಖರ್ಚು ತನ್ನದು. ಕಟ್ಟಡದ ಮುಂಭಾಗಕ್ಕೆ ದೊಡ್ಡ ಬೋರ್ಡು ಹಾಕುವ ಆಸೆ ಇದ್ದರೆ ಅದನ್ನೂ ಇವತ್ತೇ ಹೇಳಬೇಕು, ಏಕೆಂದರೆ ಅದಕ್ಕೆ ಪಾಲಿಕೆಯ ಅನುಮತಿ, ಶುಲ್ಕದ ಪ್ರಶ್ನೆ ಬರುತ್ತದೆ.

ಬೋರ್ಡು ಬರೆಸುವಾಗ ಇನ್ನೊಂದು ನಿಯಮ ನೆನಪಿರಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯಂತೆ ನಾಮಫಲಕದ ಶೇ 60 ಭಾಗ ಕನ್ನಡವಿರಬೇಕು, ಕನ್ನಡ ಮೇಲ್ಭಾಗದಲ್ಲೇ ಬರಬೇಕು. ನಮ್ಮ ಬೋರ್ಡಿನ ಎತ್ತರ 24 ಇಂಚು. ಅದರಲ್ಲಿ ಮೇಲಿನ ಹದಿನೈದು ಇಂಚು ಕನ್ನಡಕ್ಕೆ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಕಂಪನಿ ಕಾಯ್ದೆ ಕೇಳುವ ಇಂಗ್ಲಿಷ್ ಹೆಸರು, ವಿಳಾಸ ಮತ್ತು ಜಿಎಸ್‌ಟಿ ಸಂಖ್ಯೆ ಕೆಳಗಿನ ಒಂಬತ್ತು ಇಂಚಿನಲ್ಲಿ ಕೂರುತ್ತವೆ. ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆಸಿ ಆಮೇಲೆ ಕನ್ನಡದ ಸ್ಟಿಕರ್ ಅಂಟಿಸುವವರು ಎರಡು ಸಲ ದುಡ್ಡು ಕೊಡುತ್ತಾರೆ. ಬರೆಸುವ ಮೊದಲು ಕಾಗದದ ಮೇಲೆ ಅಳತೆ ಹಾಕಿದ ನಕ್ಷೆಯನ್ನು ಮಾಲೀಕರಿಗೆ ತೋರಿಸಿ ಸಹಿ ಹಾಕಿಸಿಕೊಂಡರೆ ಅದೇ ಕರಾರಿಗೆ ಲಗತ್ತಾಗುತ್ತದೆ.

‘ಬೋರ್ಡ್ ಬೇಡ’ ಎಂಬ ಮಾತಿನ ಹಿಂದೆ ಗೋಡೆಯ ಚಿಂತೆಗಿಂತ ದೊಡ್ಡ ಚಿಂತೆ ಬೇರೊಂದು ಇರುವುದುಂಟು. ಆ ಮಹಡಿಯ ವಿದ್ಯುತ್ ಮೀಟರು ಇನ್ನೂ ಗೃಹಬಳಕೆಯದೇ ಆಗಿರಬಹುದು, ಆಸ್ತಿ ತೆರಿಗೆಯನ್ನೂ ಮನೆಯೆಂದೇ ಕಟ್ಟುತ್ತಿರಬಹುದು. ಬೋರ್ಡು ಬಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಗೃಹಬಳಕೆಯ ಸಂಪರ್ಕದಲ್ಲಿ ಆಫೀಸು ನಡೆಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಅನ್ವಯವಾಗಬೇಕಿದ್ದ ದರದ ಎರಡರಷ್ಟು ವಸೂಲಿ ಮಾಡುತ್ತಾರೆ. ಹಾಗಾಗಿ ಜಾಗ ನೋಡಲು ಹೋದ ದಿನವೇ ಕರೆಂಟ್ ಬಿಲ್ಲು ಕೇಳಿ ನೋಡಬೇಕು. ಬಿಲ್ಲಿನ ಮೇಲೆ ಯಾವ ವರ್ಗದ ಸಂಪರ್ಕ ಎಂಬುದು ಅಚ್ಚಾಗಿರುತ್ತದೆ. ಗೃಹಬಳಕೆ ಎಂದಿದ್ದರೆ ಸೆಸ್ಕ್‌ನಲ್ಲಿ ವಾಣಿಜ್ಯಕ್ಕೆ ಬದಲಿಸುವವರು ಯಾರು, ಹೆಚ್ಚುವರಿ ತೆರಿಗೆ ಯಾರ ತಲೆಗೆ ಎಂದು ಬಾಡಿಗೆ ಗೊತ್ತುಮಾಡುವಾಗಲೇ ತೀರ್ಮಾನಿಸಬೇಕು. ಆ ಖರ್ಚು ಬಗೆಹರಿದ ಮೇಲೆ ಬೋರ್ಡಿಗೆ ಅಡ್ಡಿ ಹೇಳಲು ಮಾಲೀಕರಿಗೂ ಕಾರಣ ಉಳಿಯುವುದಿಲ್ಲ. ಅದೇ ಬಿಲ್ಲಿನ ಪ್ರತಿ ಮತ್ತು ಮಾಲೀಕರ ನಿರಾಕ್ಷೇಪಣಾ ಪತ್ರ, ಕಂಪನಿಯ ವಿಳಾಸ ನೋಂದಣಿಗೂ ಬೇಕು. ಬಿಲ್ಲು ಎರಡು ತಿಂಗಳಿಗಿಂತ ಹಳೆಯದಾಗಿರಬಾರದು.

ಇಷ್ಟೆಲ್ಲ ಬಾಯಿಮಾತಿನಲ್ಲಿ ಒಪ್ಪಿಗೆಯಾದರೆ ಸಾಲದು, ಅದಕ್ಕೆ ಕಾನೂನಿನ ಕಾರಣವಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ವ್ಯಾಪಾರದ ಜಾಗಗಳ ಪೈಕಿ 14 ಚದರ ಮೀಟರ್ ಮೀರದವುಗಳಿಗೆ ಮಾತ್ರ. ಅಂದರೆ ಸುಮಾರು 150 ಚದರಡಿಯ ಒಂದು ಪೆಟ್ಟಿಗೆ ಅಂಗಡಿ. ನಮ್ಮ 320 ಚದರಡಿ ಅದರಾಚೆಗೆ ಬೀಳುತ್ತದೆ. ಅಲ್ಲಿ ನಡೆಯುವುದು ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಇಬ್ಬರೂ ಸಹಿ ಹಾಕಿದ ಕರಾರು. ಬೇರೆ ಒಪ್ಪಂದವಿಲ್ಲದ ತಿಂಗಳ ಬಾಡಿಗೆಯಾದರೆ 15 ದಿನದ ನೋಟಿಸು ಕೊಟ್ಟು ಬಿಡಿಸಬಹುದು. ಬೋರ್ಡು ಹಾಕಿ, ಗಿರಾಕಿಗಳಿಗೆ ವಿಳಾಸ ಕೊಟ್ಟು ಕೂತ ಕಂಪನಿಗೆ 15 ದಿನ ಎಲ್ಲಿ ಸಾಕಾದೀತು? ಮೂರು ತಿಂಗಳ ನೋಟಿಸು ಎಂದು ಬರೆಸಿಕೊಳ್ಳಬೇಕು. ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿರುವುದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂಬ ಕಾರಣಕ್ಕೆ. ಮೂರು ವರ್ಷ ಅಲ್ಲೇ ಇರುವ ಯೋಚನೆಯಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸುವ ಖರ್ಚಿಗೆ ಹಿಂಜರಿಯಬಾರದು.

ಕರಾರಿನ ಕಲಮುಗಳು ಉದ್ದವಿರಬೇಕಿಲ್ಲ. ‘ಕಚೇರಿ ಬಳಕೆಗೆ’ ಎಂದಷ್ಟೇ ಬರೆದ ಸಿದ್ಧ ನಮೂನೆಗೆ ನಾಲ್ಕು ಸಾಲು ಸೇರಿಸಿದರೆ ಆಯಿತು. ಸೋಮವಾರದಿಂದ ಶನಿವಾರ 9.30ರಿಂದ 6.30, ಗಡುವಿನ ಆರು ದಿನ ರಾತ್ರಿ 8ರವರೆಗೆ. ಹೊರಗಿನವರು 11ರಿಂದ 4ರವರೆಗೆ. ಕಾಂಪೌಂಡಿನೊಳಗೆ ಮೂರು ದ್ವಿಚಕ್ರ ವಾಹನ. ಲಗತ್ತಿಸಿದ ನಕ್ಷೆಯಂತೆ ಬೋರ್ಡು, ಅದನ್ನು ತೆಗೆದು ಗೋಡೆ ಸರಿಮಾಡಿಕೊಡುವ ಹೊಣೆ ಬಾಡಿಗೆದಾರರದು. ಗೋಡೆ ಸರಿಮಾಡಿಸಲು ಅಡ್ವಾನ್ಸಿನಲ್ಲಿ ಹೆಚ್ಚೆಂದರೆ ಎಷ್ಟು ಹಿಡಿಯಬಹುದು ಎಂಬ ಅಂಕಿಯನ್ನೂ ಅಲ್ಲೇ ಹಾಕಿಸಿದರೆ ಬಿಡುವ ದಿನದ ಜಗಳ ತಪ್ಪುತ್ತದೆ.

ವ್ಯವಹಾರ ಬೆಳೆದಾಗ ಈ ಸಾಲುಗಳೂ ಬದಲಾಗಬೇಕಾಗುತ್ತದೆ. ಐದು ಜನ ಎಂಟಾಗಬಹುದು, ಹೊರದೇಶದ ಗಿರಾಕಿ ಸಿಕ್ಕಿ ರಾತ್ರಿ ಪಾಳಿ ಬೇಕಾಗಬಹುದು. ಆಗ ಮೊದಲು ಪಾಳಿ ಶುರುಮಾಡಿ ಆಮೇಲೆ ಸಮಜಾಯಿಷಿ ಕೊಡುವ ದಾರಿ ಬೇಡ. ಏನು ಬದಲಾಗುತ್ತದೆ, ಯಾವ ತಾರೀಕಿನಿಂದ ಎಂದು ಒಂದು ಪುಟದ ಪತ್ರ ಬರೆದುಕೊಂಡು ಮಹಡಿ ಹತ್ತಿ ಮೇಷ್ಟ್ರ ಜತೆ ಕೂತು ಮಾತಾಡಿ, ಇಬ್ಬರೂ ಸಹಿ ಹಾಕಿ ಕರಾರಿಗೆ ಸೇರಿಸಬೇಕು. ಅವರು ಒಪ್ಪದಿದ್ದರೂ ನಷ್ಟವಿಲ್ಲ: ಬೇರೆ ಜಾಗ ಹುಡುಕಲು ಮೂರು ತಿಂಗಳು ಕೈಯಲ್ಲಿರುತ್ತದೆ, ಅಷ್ಟು ದಿನವೂ ಬೋರ್ಡು ಗೋಡೆಯ ಮೇಲೇ ಇರುತ್ತದೆ.